ಅರ್ಜಿಯಲ್ಲಿ ಖಾಲಿ ಬಿಟ್ಟ ಐದೂವರೆ ವರ್ಷ

ಖಾಸಗಿ ಕಂಪನಿಗಳ ಉದ್ಯೋಗದ ಅರ್ಜಿಯಲ್ಲಿ ‘ವಿದ್ಯಾಭ್ಯಾಸ’ ಎಂಬ ಅಂಕಣವಿರುತ್ತದೆ, ಅದರ ಕೆಳಗೆ ‘ಅನುಭವ’ ಎಂಬ ಅಂಕಣವಿರುತ್ತದೆ. ಇವೆರಡರ ನಡುವೆ ‘ಸರಕಾರಿ ಪರೀಕ್ಷೆಗೆ ಓದಿದ ಕಾಲ’ ಎಂಬ ಅಂಕಣ ಯಾವ ಅರ್ಜಿಯಲ್ಲಿಯೂ ಇಲ್ಲ. ನಮ್ಮ ನೀಲಗಿರಿ ಜಿಲ್ಲೆಯಲ್ಲಾದರೋ ಪದವಿ ಮುಗಿಸಿದ ತರುಣ ತರುಣಿಯರಲ್ಲಿ ಎಷ್ಟೋ ಮಂದಿಯ ಮೂರು, ನಾಲ್ಕು, ಐದು ವರ್ಷಗಳು ಸಂದಿರುವುದು ಈ ಇಲ್ಲದ ಅಂಕಣದಲ್ಲಿಯೇ. ಕೂನೂರಿನ ಒಂದು ಚಹಾ ಕಂಪನಿಯ ಕಚೇರಿಯಲ್ಲಿ ನಾನು ಮೂವತ್ತು ವರ್ಷ ದುಡಿದವನು. ಬಂದ ಅರ್ಜಿಗಳನ್ನು ಮೊದಲು ಓದಿ ವಿಂಗಡಿಸುವ ಕೆಲಸ ಬಹುಕಾಲ ನನ್ನ ಪಾಲಿಗಿತ್ತು. ಈಗ ನಿವೃತ್ತನಾದ ಮೇಲೆ, ಮೇಜಿನ ಆ ಬದಿಯಲ್ಲಿ ಕುಳಿತು ಅರ್ಜಿ ಬರೆಯುವವರ ಕಷ್ಟವನ್ನು ನಮ್ಮ ಮನೆಯಲ್ಲಿಯೇ ಕಾಣುವ ಸಂದರ್ಭ ಒದಗಿತು.

ಗೂಡಲೂರಿನಲ್ಲಿರುವ ನನ್ನ ಅಣ್ಣನ ಮಗಳ ವಿಷಯವಿದು. ಹೈಸ್ಕೂಲನ್ನು ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಭಾಷೆ ತೆಗೆದುಕೊಂಡು ಓದಿದಳು. ಮುಂದೆ ಉದಕಮಂಡಲದಲ್ಲಿ ವಾಣಿಜ್ಯ ಪದವಿ ಪಡೆದಳು. ಅದು 2019ರ ಏಪ್ರಿಲ್. 2025ರ ಜನವರಿಯಲ್ಲಿ ಕೂನೂರಿನ ಒಂದು ಖಾಸಗಿ ಚಹಾ ಕಂಪನಿ ಲೆಕ್ಕಪತ್ರ ವಿಭಾಗಕ್ಕೆ ಸಹಾಯಕರು ಬೇಕೆಂದು ಪ್ರಕಟಿಸಿದಾಗ ಅರ್ಜಿ ಹಾಕಲು ಹೊರಟಳು. ನಡುವಿನ ಐದೂವರೆ ವರ್ಷ ಆಕೆ ಏನು ಮಾಡಿದಳೆಂದು ಊರಿನವರೆಲ್ಲರಿಗೂ ಗೊತ್ತು. ಅರ್ಜಿಯಲ್ಲಿ ಅದನ್ನು ಹೇಗೆ ಬರೆಯಬೇಕೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷಗಳ ಲೆಕ್ಕವನ್ನು ಮೊದಲು ನೋಡೋಣ. ಜನ ಟಿ.ಎನ್.ಪಿ.ಎಸ್.ಸಿ. ಎಂದೇ ಕರೆಯುವ ತಮಿಳುನಾಡು ಲೋಕಸೇವಾ ಆಯೋಗವು ಕಿರಿಯ ಸಹಾಯಕ, ಬೆರಳಚ್ಚುಗಾರ, ಗ್ರಾಮಾಡಳಿತ ಅಧಿಕಾರಿ ಮೊದಲಾದ ಹುದ್ದೆಗಳಿಗೆ ನಡೆಸುವ ನಾಲ್ಕನೆಯ ಗುಂಪಿನ ಪರೀಕ್ಷೆಯೇ ನಮ್ಮ ಕಡೆ ಹೆಚ್ಚು ಮಂದಿ ಬರೆಯುವ ಪರೀಕ್ಷೆ. ಅದು 2019ರ ಸೆಪ್ಟೆಂಬರ್ 1ರಂದು ನಡೆಯಿತು. ಆಗ ಭಾಷೆಯ ನೂರು ಪ್ರಶ್ನೆಗಳಿಗೆ ತಮಿಳನ್ನಾಗಲಿ ಇಂಗ್ಲಿಷನ್ನಾಗಲಿ ಆರಿಸಿಕೊಳ್ಳುವ ಅವಕಾಶವಿತ್ತು. ನಮ್ಮ ಹುಡುಗಿ ಇಂಗ್ಲಿಷಿನಲ್ಲಿ ಬರೆದಳು, ಆಯ್ಕೆಯಾಗಲಿಲ್ಲ. ಬಳಿಕ ಸಾಂಕ್ರಾಮಿಕದ ಕಾಲ ಬಂದಿತು. 2020 ಮತ್ತು 2021, ಈ ಎರಡು ವರ್ಷಗಳಲ್ಲಿ ಆ ಪರೀಕ್ಷೆ ನಡೆಯಲೇ ಇಲ್ಲ. 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ ಹೊರಡಿಸಿದ ಆಜ್ಞೆಯಿಂದ ಈ ನೇಮಕಗಳಿಗೆ ತಮಿಳು ಪತ್ರಿಕೆ ಕಡ್ಡಾಯವಾಯಿತು. ಇಂಗ್ಲಿಷನ್ನು ಆರಿಸಿಕೊಳ್ಳುವ ಬಾಗಿಲು ಮುಚ್ಚಿತು. ನೂರು ತಮಿಳು ಪ್ರಶ್ನೆಗಳಿಗೆ 150 ಅಂಕ. ಅದರಲ್ಲಿ ನೂರಕ್ಕೆ ನಲವತ್ತರಂತೆ 60 ಅಂಕ ಬಾರದಿದ್ದರೆ ಉಳಿದ ನೂರು ಪ್ರಶ್ನೆಗಳ ಉತ್ತರವನ್ನು ನೋಡುವುದೇ ಇಲ್ಲ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಮಲಯಾಳ ಎರಡೂ ಆಡುವುದು ಗೂಡಲೂರಿನವರಿಗೆ ಹೊಸದಲ್ಲ. ಆದರೆ ಆಡುವುದು ಬೇರೆ, ಹತ್ತನೆಯ ತರಗತಿಯ ಮಟ್ಟದ ತಮಿಳು ವ್ಯಾಕರಣ ಸಾಹಿತ್ಯಗಳನ್ನು ಓದಿ ಪರೀಕ್ಷೆ ಬರೆಯುವುದು ಬೇರೆ. ಆಕೆ ಆರನೆಯ ತರಗತಿಯ ತಮಿಳು ಪುಸ್ತಕದಿಂದ ತೊಡಗಿ ಹತ್ತರವರೆಗೆ ಕ್ರಮವಾಗಿ ಓದಿದಳು. 2022ರ ಜುಲೈ 24ರಂದು ಎರಡನೆಯ ಸಲ ಪರೀಕ್ಷೆ ಬರೆದಳು. ಅದರ ಫಲಿತಾಂಶ ಹೊರಬಿದ್ದದ್ದು 2023ರ ಮಾರ್ಚಿನಲ್ಲಿ. ಎಂಟು ತಿಂಗಳ ಕಾಯುವಿಕೆ! ಆ ಕಾಯುವಿಕೆಯಲ್ಲಿಯೂ ಮುಂದಿನ ಪರೀಕ್ಷೆಗೆ ಓದುತ್ತಲೇ ಇರಬೇಕು, ಏಕೆಂದರೆ ಆಯ್ಕೆಯಾಯಿತೋ ಇಲ್ಲವೋ ತಿಳಿಯದು. ಮೂರನೆಯ ಸಲ ಬರೆದದ್ದು 2024ರ ಜೂನ್ 9ರಂದು. ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಆ ಪರೀಕ್ಷೆಗೆ ಮೊದಲು ಪ್ರಕಟಿಸಿದ್ದ ಹುದ್ದೆಗಳು 6244. ಮುಂದೆ ಹುದ್ದೆಗಳು ಹೆಚ್ಚಿದರೂ ನಮ್ಮ ಹುಡುಗಿಯ ಸರದಿ ಬರಲಿಲ್ಲ. ಆಕೆಯ ಶ್ರೇಣಿ ನಲವತ್ತು ಸಾವಿರದ ಸುಮಾರಿಗಿತ್ತು. ಅಕ್ಟೋಬರಿನಲ್ಲಿ ಫಲಿತಾಂಶ ಬಂದ ದಿನವೇ “ಇನ್ನು ಸಾಕು” ಎಂದು ಆಕೆ ತೀರ್ಮಾನಿಸಿದಳು.

ಇಷ್ಟನ್ನೂ ಆಕೆ ಅರ್ಜಿಯಲ್ಲಿ ಹೇಗೆ ಹೇಳಿದ್ದಳೆಂದರೆ, ಹೇಳಿರಲೇ ಇಲ್ಲ. ಮೊದಲ ಕರಡಿನಲ್ಲಿ 2019ರ ಪದವಿಯಾದ ಮೇಲೆ ನೇರವಾಗಿ ಹುಟ್ಟಿದ ದಿನಾಂಕವೂ ವಿಳಾಸವೂ ಇದ್ದವು. ನಾನು ನನ್ನ ಅನುಭವದಿಂದ ಹೇಳಬಲ್ಲೆ, ಅರ್ಜಿ ಓದುವವನ ಕಣ್ಣು ಮೊದಲು ಬೀಳುವುದೇ ಇಸವಿಗಳ ಮೇಲೆ. ಬರೆಯದೆ ಬಿಟ್ಟ ಕಾಲವನ್ನು ಅವನು ತಾನೇ ತುಂಬಿಕೊಳ್ಳುತ್ತಾನೆ. ಎಲ್ಲೋ ಸೇರಿ ಜಗಳವಾಡಿ ಬಿಟ್ಟಿರಬಹುದು, ಆ ಕಂಪನಿಯ ಹೆಸರು ಹೇಳಲು ಹೆದರುತ್ತಿರಬಹುದು, ದೀರ್ಘ ಕಾಯಿಲೆಯಿದ್ದಿರಬಹುದು ಎಂದೆಲ್ಲ. ಅವನು ಊಹಿಸುವುದಕ್ಕಿಂತ ನಿಜ ಸಂಗತಿ ಬಹುತೇಕ ಸಂದರ್ಭಗಳಲ್ಲಿ ಒಳ್ಳೆಯದೇ ಆಗಿರುತ್ತದೆ.

ಎರಡನೆಯ ಕರಡು ಆಕೆಯ ತಂದೆಯ ಸ್ನೇಹಿತರ ಸಲಹೆಯಿಂದ ಹುಟ್ಟಿತು. ಅವರಿಗೊಂದು ಕಟ್ಟಡ ಸಾಮಗ್ರಿಯ ಅಂಗಡಿಯಿದೆ. “ನಮ್ಮಲ್ಲಿ ನಾಲ್ಕು ವರ್ಷ ಲೆಕ್ಕ ಬರೆದಳೆಂದು ಪತ್ರ ಕೊಡುತ್ತೇನೆ, ಯಾರು ಕೇಳುತ್ತಾರೆ?” ಎಂದು ಅವರು ಅಭಿಮಾನದಿಂದಲೇ ಹೇಳಿದರು. ಅಣ್ಣನಿಗೂ ಅದು ಸುಲಭದ ದಾರಿಯಾಗಿ ಕಂಡಿತು. ಅದನ್ನು ಬೇಡವೆಂದು ನಾನು ಬಿಡಿಸಿದೆ. ಕಾರಣ ನೀತಿಯ ಮಾತೊಂದೇ ಅಲ್ಲ. ಅನುಭವಪತ್ರದ ಹಿಂದೆ ಸಂಬಳದ ಚೀಟಿ, ಸಂಬಳ ಜಮೆಯಾದ ಬ್ಯಾಂಕಿನ ಲೆಕ್ಕ, ಇಪ್ಪತ್ತು ಮಂದಿ ದುಡಿಯುವ ಸಂಸ್ಥೆಯಾದರೆ ಭವಿಷ್ಯನಿಧಿಯ ಸಂಖ್ಯೆ, ಇವು ಇರಬೇಕು. ಆ ಸಂಖ್ಯೆಯಡಿ ಯಾವ ಮಾಲೀಕನಲ್ಲಿ ಎಂದಿನಿಂದ ಎಂದಿನವರೆಗೆ ದುಡಿದರೆಂಬುದು ದಾಖಲಾಗಿರುತ್ತದೆ. ಕಂಪನಿಗಳು ಈಗ ಈ ಕೆಲಸಕ್ಕೆಂದೇ ಇರುವ ಪರಿಶೀಲನಾ ಸಂಸ್ಥೆಗಳಿಗೆ ಅರ್ಜಿಯನ್ನು ಕೊಡುತ್ತವೆ. ಪರಿಶೀಲನೆ ಮುಗಿಯುವುದು ಅನೇಕ ವೇಳೆ ಕೆಲಸಕ್ಕೆ ಸೇರಿದ ಮೇಲೆ. ಆಗ ಸುಳ್ಳು ಹೊರಬಿದ್ದರೆ ಕೆಲಸವೂ ಹೋಗುತ್ತದೆ, ಪತ್ರ ಕೊಟ್ಟವರ ಮಾನವೂ ಹೋಗುತ್ತದೆ. ಇವೆಲ್ಲಕ್ಕಿಂತ ಬೇಗ ಹೊರಬೀಳುವ ದಾರಿ ಇನ್ನೊಂದಿದೆ. ನಾಲ್ಕು ವರ್ಷ ಅಂಗಡಿಯ ಲೆಕ್ಕ ಬರೆದವಳಿಗೆ ಗೊತ್ತಿರಬೇಕಾದ ಸಣ್ಣ ಪ್ರಶ್ನೆಯೊಂದನ್ನು ಸಂದರ್ಶನದಲ್ಲಿ ಕೇಳಿದರೆ ಸಾಕು.

ಮೂರನೆಯ ಕರಡು ಆಕೆಯೇ ರಾತ್ರಿ ಕುಳಿತು ಬರೆದದ್ದು. ಒಂದೂವರೆ ಪುಟ. ಅದರಲ್ಲಿ ದುರದೃಷ್ಟವಿತ್ತು, ಮನೆಯ ಕಷ್ಟವಿತ್ತು, ಒಂದೆರಡು ಅಂಕದಲ್ಲಿ ತಪ್ಪಿಹೋದ ವೇದನೆಯಿತ್ತು. ಎಲ್ಲವೂ ಸತ್ಯವೇ. ಆದರೆ ಓದಿದವನಿಗೆ ಉಳಿಯುವುದೇನು? ಈಕೆಯ ಮನಸ್ಸು ಇನ್ನೂ ಆ ಹುದ್ದೆಯಲ್ಲಿಯೇ ಇದೆ, ನಮ್ಮ ಕೆಲಸ ಆಕೆಗೆ ಗತಿಯಿಲ್ಲದೆ ಹಿಡಿದ ದಾರಿ ಎಂಬ ಭಾವನೆ ಮಾತ್ರ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಪರೀಕ್ಷೆಗೆ ಓದಿದ ವರ್ಷಗಳನ್ನು ಕಂಡಾಗ ಕಂಪನಿಯವರು “ಈಕೆ ಸೋಮಾರಿಯೋ?” ಎಂದು ಯೋಚಿಸುತ್ತಾರೆಂದು ಮನೆಯವರು ಹೆದರುತ್ತಾರೆ. ನನ್ನ ಮೇಜಿನ ಅನುಭವ ಹಾಗಲ್ಲ. ಓದಿದವರು ಸೋಮಾರಿಗಳಲ್ಲವೆಂದು ಎಲ್ಲರಿಗೂ ಗೊತ್ತು. ಅವರ ಮನಸ್ಸಿನಲ್ಲಿರುವ ಪ್ರಶ್ನೆಗಳು ಎರಡೇ. ಮೊದಲನೆಯದು, ‘ನಾವು ಆರು ತಿಂಗಳು ಕೆಲಸ ಕಲಿಸಿದ ಮೇಲೆ ಫಲಿತಾಂಶ ಬಂದು ಈಕೆ ಹೊರಟುಹೋಗುತ್ತಾಳೆಯೇ?’ ಎರಡನೆಯದು, ‘ಕಾಲೇಜಿನಲ್ಲಿ ಕಲಿತದ್ದು ಇಷ್ಟು ವರ್ಷಗಳಲ್ಲಿ ತುಕ್ಕು ಹಿಡಿದಿದೆಯೇ?’ ಅರ್ಜಿಯಲ್ಲಿ ವಿವರಣೆ ಕೊಡುವುದೆಂದರೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು. ಅದಕ್ಕಿಂತ ಹೆಚ್ಚು ಬರೆದದ್ದೆಲ್ಲ ವ್ಯರ್ಥ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಂಡೆವು, ಏಕೆಂದರೆ ಅದಕ್ಕೆ ಬರಿಯ ಮಾತು ಸಾಲದು. ಆಕೆ ಪದವಿ ಮುಗಿಸಿದ 2019ರಲ್ಲಿ ಸರಕು ಸೇವಾ ತೆರಿಗೆ ಜಾರಿಗೆ ಬಂದು ಎರಡು ವರ್ಷವಾಗಿತ್ತು. ಅದರ ಮೊದಲ ಪಾಠಗಳನ್ನು ಆಕೆ ಕಲಿತಿದ್ದಳು. ಆದರೆ ಬಿಲ್ಲನ್ನು ಸರಕಾರದ ಕಂಪ್ಯೂಟರಿನಲ್ಲಿ ನೋಂದಾಯಿಸಿ ಅದರ ಸಂಖ್ಯೆ ಪಡೆಯಬೇಕೆಂಬ ಇ-ಇನ್‌ವಾಯ್ಸ್ ಕ್ರಮ ಆರಂಭವಾದದ್ದು 2020ರ ಅಕ್ಟೋಬರಿನಲ್ಲಿ, ಅದೂ 500 ಕೋಟಿ ರೂಪಾಯಿಗೆ ಮಿಕ್ಕಿ ವಹಿವಾಟಿರುವ ಸಂಸ್ಥೆಗಳಿಗೆ. ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟಿನಿಂದ 5 ಕೋಟಿಗೆ ಬಂದಿತು. ನಮ್ಮ ಕಡೆಯ ಮಧ್ಯಮ ಗಾತ್ರದ ಚಹಾ ಕಂಪನಿಗಳಿಗೂ ಅದು ಹೀಗೆಯೇ ಬಂದು ತಟ್ಟಿತು. ಆಕೆ ಓದಿನಲ್ಲಿ ಮುಳುಗಿದ್ದ ವರ್ಷಗಳಲ್ಲಿಯೇ ಆಕೆಯ ವಿದ್ಯೆಗೆ ಸೇರಬೇಕಾದ ಪಾಠವೊಂದು ಹೊರಗೆ ನಡೆದುಹೋಗಿತ್ತು. ‘ತುಕ್ಕು’ ಎಂದರೆ ಇದೇ. ಕಲಿತದ್ದು ಮರೆಯುವುದಷ್ಟೇ ಅಲ್ಲ, ಕಲಿಯದೆ ಉಳಿದದ್ದೂ ಅದರಲ್ಲಿ ಸೇರುತ್ತದೆ. ನವೆಂಬರಿನಿಂದಲೇ ಆಕೆ ಉದಕಮಂಡಲದಲ್ಲಿ ಟ್ಯಾಲಿ ಲೆಕ್ಕಪತ್ರದ ತರಗತಿಗೆ ಸೇರಿ ಇದನ್ನು ಕಲಿಯತೊಡಗಿದ್ದಳು. ಇದನ್ನು ಅರ್ಜಿಯಲ್ಲಿ ಬರೆಯಬೇಕೆಂಬುದೇ ಆಕೆಗೆ ಹೊಳೆದಿರಲಿಲ್ಲ. ಆಕೆಗೆ ಅದು ಸಣ್ಣ ಸಂಗತಿ, ಓದುವವನಿಗೆ ಅದೇ ಮುಖ್ಯ ಸಂಗತಿ.

ಪರೀಕ್ಷೆಯ ವರ್ಷಗಳು ಬಿಟ್ಟುಹೋದ ಗಳಿಕೆಗಳನ್ನೂ ಹುಡುಕಿದೆವು. “ನನಗೆ ಚೋಳರ ಇತಿಹಾಸ ಗೊತ್ತು, ಸಂವಿಧಾನದ ಅನುಚ್ಛೇದಗಳು ಗೊತ್ತು, ಚಿಕ್ಕಪ್ಪ. ಅದರಿಂದ ಅವರಿಗೇನು ಪ್ರಯೋಜನ?” ಎಂದಳು. ಸರಿಯಾದ ಮಾತೇ. ಆದರೆ ತಮಿಳು? ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದವಳು ಐದು ವರ್ಷಗಳಲ್ಲಿ 150ಕ್ಕೆ 120ಕ್ಕಿಂತ ಹೆಚ್ಚು ಅಂಕವನ್ನು ತಮಿಳಿನಲ್ಲಿ ಪಡೆದಿದ್ದಾಳೆ. ಸೊಪ್ಪು ತರುವ ಸಣ್ಣ ಬೆಳೆಗಾರರಿಗೆ ತಮಿಳಿನಲ್ಲಿ ಚೀಟಿ ಬರೆದುಕೊಟ್ಟು, ಮೈಸೂರಿನ ವ್ಯಾಪಾರಿಯೊಂದಿಗೆ ಕನ್ನಡದಲ್ಲಿ ಮಾತಾಡಿ, ಹರಾಜಿನ ಕಾಗದಗಳನ್ನು ಇಂಗ್ಲಿಷಿನಲ್ಲಿ ಓದಬಲ್ಲವಳು ಕೂನೂರಿನ ಚಹಾ ಕಚೇರಿಗೆ ಬೇಕಾದವಳೇ. ಬೆರಳಚ್ಚುಗಾರರ ಹುದ್ದೆಗೆ ಬೇಕೆಂದು 2023ರಲ್ಲಿ ಇಂಗ್ಲಿಷ್ ಬೆರಳಚ್ಚಿನ ಸರಕಾರಿ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಜೊತೆಗೆ ಮೂರು ವರ್ಷ ಸಂಜೆ ಹೊತ್ತು ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದಳು. ಅಂಗಡಿಯ ಸ್ನೇಹಿತರಲ್ಲಿ 2024ರ ಮಾರ್ಚಿನಲ್ಲಿ ಒಂದು ತಿಂಗಳು ವರ್ಷಾಂತ್ಯದ ಲೆಕ್ಕಕ್ಕೆ ನಿಜವಾಗಿಯೂ ನೆರವಾಗಿದ್ದಳು. ನಾಲ್ಕು ವರ್ಷದ ಸುಳ್ಳಿನ ಬದಲು ಒಂದು ತಿಂಗಳ ನಿಜ ಪತ್ರವನ್ನು ಅವರಿಂದ ಪಡೆದೆವು. ಅವರೂ ಸಂತೋಷದಿಂದ ಕೊಟ್ಟರು.

ಇನ್ನು ಶ್ರೇಣಿಯ ಮಾತು. ‘ನಲವತ್ತು ಸಾವಿರದ ಶ್ರೇಣಿ’ ಎಂದು ಬರೆದರೆ ಓದುವವನಿಗೆ ಅದು ಸೋಲಿನ ಅಂಕೆಯಾಗಿ ಕಾಣುತ್ತದೆ. ಹದಿನೈದು ಲಕ್ಷಕ್ಕೂ ಮಿಕ್ಕಿದವರಲ್ಲಿ ನಲವತ್ತು ಸಾವಿರವೆಂದರೆ ನೂರು ಮಂದಿಯಲ್ಲಿ ಮೊದಲ ಮೂವರೊಳಗೆ ನಿಂತಂತೆ. ಎರಡೂ ಒಂದೇ ಸತ್ಯ, ಎರಡನೆಯದು ಓದುವವನಿಗೆ ಅರ್ಥವಾಗುವ ಸತ್ಯ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ‘ಪರೀಕ್ಷೆಯಲ್ಲಿ ತೇರ್ಗಡೆ’ ಎಂದು ಬರೆಯಕೂಡದು. ಕನಿಷ್ಠ ಅಂಕ ದಾಟಿದವರೆಲ್ಲರ ಹೆಸರೂ ಶ್ರೇಣಿಪಟ್ಟಿಯಲ್ಲಿರುತ್ತದೆ, ಆಯ್ಕೆ ಬೇರೆಯೇ ಸಂಗತಿ. ‘ತೇರ್ಗಡೆ’ ಎಂದು ಓದಿದವನು “ಹಾಗಾದರೆ ಕೆಲಸವೇಕೆ ಸಿಗಲಿಲ್ಲ?” ಎಂದು ಕೇಳಿದಾಗ ತಡವರಿಸುವಂತಾಗುತ್ತದೆ. ಆಯೋಗವು ಅಭ್ಯರ್ಥಿಯ ಅಂಕವನ್ನೂ ಶ್ರೇಣಿಯನ್ನೂ ತನ್ನ ಜಾಲತಾಣದಲ್ಲಿ ತೋರಿಸುತ್ತದೆ. ನೋಂದಣಿ ಸಂಖ್ಯೆ ಕೊಟ್ಟು ಆ ಪುಟವನ್ನು ಆಗಲೇ ಅಚ್ಚು ಹಾಕಿಸಿ, ಹಾಲ್ ಟಿಕೆಟಿನೊಡನೆ ಇಟ್ಟುಕೊಳ್ಳಬೇಕು. ಓದಿದ ವರ್ಷಗಳಿಗೆ ಇರುವ ಸಾಕ್ಷ್ಯ ಅದೊಂದೇ.

ಕೇಂದ್ರದ ಲೋಕಸೇವಾ ಆಯೋಗವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರಲ್ಲಿ ಒಪ್ಪಿದವರ ವಿವರಗಳನ್ನು ಉದ್ಯೋಗದಾತರಿಗೆ ತಿಳಿಯಪಡಿಸುವ ಕ್ರಮವನ್ನು ಅದು 2018ರಲ್ಲಿ ಆರಂಭಿಸಿತು. 2025ರಲ್ಲಿ ಅದನ್ನು ‘ಪ್ರತಿಭಾ ಸೇತು’ ಎಂಬ ಹೆಸರಿನಲ್ಲಿ ವಿಸ್ತರಿಸಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಓದಿದ ವರ್ಷಗಳಿಗೆ ಉದ್ಯೋಗದ ಪೇಟೆಯಲ್ಲಿ ಬೆಲೆಯಿದೆಯೆಂದು ಪರೀಕ್ಷೆ ನಡೆಸುವವರೇ ಒಪ್ಪಿದಂತಾಯಿತು. ಆದರೆ ಆ ಸೇತುವೆ ಕೊನೆಯ ಹಂತ ಮುಟ್ಟಿದವರಿಗೆ ಮಾತ್ರ. ನಾಲ್ಕನೆಯ ಗುಂಪಿನ ಪರೀಕ್ಷೆ ಬರೆದ ನಮ್ಮ ಮಕ್ಕಳು ತಮ್ಮ ಸೇತುವೆಯನ್ನು ತಾವೇ ಕಟ್ಟಿಕೊಳ್ಳಬೇಕು.

ಉಳಿದದ್ದು ಮೊದಲನೆಯ ಪ್ರಶ್ನೆ, ಬಿಟ್ಟುಹೋಗುವ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಕ್ರಿಯಾಪದದ ಕಾಲದಲ್ಲಿ. ‘ತಯಾರಿ ನಡೆಸುತ್ತಿದ್ದೇನೆ’ ಎಂದರೆ ಒಂದರ್ಥ, ‘ತಯಾರಿ ನಡೆಸಿದೆ, ಇಂಥ ತಿಂಗಳಿಗೆ ಮುಗಿಸಿದೆ’ ಎಂದರೆ ಇನ್ನೊಂದರ್ಥ. ಮುಗಿದ ತಿಂಗಳನ್ನು ಹೇಳಬೇಕು. ಬರೆದ ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕಾಗಿದ್ದರೆ ಅದನ್ನು ಅಡಗಿಸದೆ ಹೇಳಬೇಕು. ಅಡಗಿಸಿ ಸೇರಿ ಮೂರು ತಿಂಗಳಲ್ಲಿ ಹೊರಟವರಿಂದಲೇ ಹಿಂದೆ ಬರುವವರಿಗೆ ಬಾಗಿಲು ಮುಚ್ಚುತ್ತದೆ. ನಮ್ಮ ಹುಡುಗಿಗೆ ಬರಬೇಕಾದ ಫಲಿತಾಂಶ ಯಾವುದೂ ಇರಲಿಲ್ಲ.

ಕೊನೆಗೆ ಅರ್ಜಿಯ ವಿದ್ಯಾಭ್ಯಾಸದ ಕೆಳಗೆ ಇಸವಿಗಳನ್ನು ಕೊಟ್ಟು ಬರೆದ ಮಾತುಗಳು ಇಷ್ಟು. ಮೂಲ ಇಂಗ್ಲಿಷಿನಲ್ಲಿತ್ತು, ಅದರ ಭಾವವನ್ನು ಕನ್ನಡದಲ್ಲಿ ಕೊಡುತ್ತೇನೆ.

“ಮೇ 2019ರಿಂದ ಅಕ್ಟೋಬರ್ 2024: ತಮಿಳುನಾಡು ಲೋಕಸೇವಾ ಆಯೋಗದ ನಾಲ್ಕನೆಯ ಗುಂಪಿನ ಪರೀಕ್ಷೆಗೆ ಪೂರ್ಣಕಾಲದ ತಯಾರಿ. 2019, 2022, 2024ರಲ್ಲಿ ಪರೀಕ್ಷೆ ಬರೆದಿದ್ದೇನೆ. 2024ರಲ್ಲಿ ಬರೆದವರ ಪೈಕಿ ನೂರರಲ್ಲಿ ಮೊದಲ ಮೂವರೊಳಗಿನ ಶ್ರೇಣಿ, ಆಯ್ಕೆಯಾಗಿಲ್ಲ. ಈ ಅವಧಿಯಲ್ಲಿ ತಮಿಳನ್ನು ಓದು ಬರಹದ ಮಟ್ಟಕ್ಕೆ ಕಲಿತೆ, ಇಂಗ್ಲಿಷ್ ಬೆರಳಚ್ಚು ಪರೀಕ್ಷೆ ಪಾಸು ಮಾಡಿದೆ, ಮೂರು ವರ್ಷ ಶಾಲಾ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ, 2024ರ ಮಾರ್ಚಿನಲ್ಲಿ ಒಂದು ತಿಂಗಳು ಅಂಗಡಿಯೊಂದರ ವರ್ಷಾಂತ್ಯದ ಲೆಕ್ಕಕ್ಕೆ ನೆರವಾದೆ. ತಯಾರಿಯನ್ನು ಮುಗಿಸಿದ್ದೇನೆ, ಯಾವ ಫಲಿತಾಂಶವೂ ಬಾಕಿಯಿಲ್ಲ. ನವೆಂಬರ್ 2024ರಿಂದ ಟ್ಯಾಲಿ ಮತ್ತು ಇ-ಇನ್‌ವಾಯ್ಸ್ ಕಲಿಯುತ್ತಿದ್ದೇನೆ.”

ಇದರಲ್ಲಿ ದುಃಖವಿಲ್ಲ, ಕ್ಷಮೆ ಕೇಳುವುದಿಲ್ಲ, ಜಂಬವೂ ಇಲ್ಲ. ಪ್ರತಿ ಮಾತಿನ ಹಿಂದೆಯೂ ತೋರಿಸಬಹುದಾದ ಒಂದು ಕಾಗದ ಅಥವಾ ಕೇಳಬಹುದಾದ ಒಬ್ಬ ವ್ಯಕ್ತಿ ಇದೆ. ಓದಿ ನೋಡಿದ ಅತ್ತಿಗೆ, “ಇಷ್ಟು ವರ್ಷ ಇವಳು ಪಟ್ಟ ಪಾಡು ಆರು ಸಾಲಿನಲ್ಲಿ ಮುಗಿಯಿತೇ?” ಎಂದರು. ಅರ್ಜಿಗೆ ಆರು ಸಾಲೇ ಬೇಕಾದದ್ದು. ಪಾಡಿನ ಕಥೆಗೆ ಮನೆಯಿದೆ.

ಸಂದರ್ಶನಕ್ಕೆ ಕರೆ ಬಂದಿತು. ವ್ಯವಸ್ಥಾಪಕರು ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರು: “ಮುಂದಿನ ವರ್ಷ ಮತ್ತೆ ಪ್ರಕಟಣೆ ಬಂದರೆ?” ಆಕೆ, “ಮೂರು ಸಲ ಬರೆದು ಸಾಕೆಂದು ತೀರ್ಮಾನಿಸಿದ್ದೇನೆ, ಸರ್. ಹಾಗಿಲ್ಲದಿದ್ದರೆ ಅಕ್ಟೋಬರಿನಲ್ಲಿ ಪರೀಕ್ಷೆಯ ಪುಸ್ತಕ ಮುಚ್ಚಿ ನವೆಂಬರಿನಲ್ಲಿ ಲೆಕ್ಕದ ಪುಸ್ತಕ ತೆರೆಯುತ್ತಿರಲಿಲ್ಲ” ಎಂದಳಂತೆ. ಅನಂತರ ಒಂದು ಮಾದರಿ ಬಿಲ್ಲನ್ನು ಕಂಪ್ಯೂಟರಿನಲ್ಲಿ ಬರೆಸಿ ನೋಡಿದರು. ಕೊನೆಗೆ ಬೆಳೆಗಾರನೊಬ್ಬನ ತಮಿಳು ಪತ್ರವನ್ನು ಓದಿಸಿದರು.

ಕೆಲಸ ಸಿಕ್ಕಿತು. ಆದರೆ ಹೇಗೆ ಸಿಕ್ಕಿತೆಂಬುದನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಆ ಐದೂವರೆ ವರ್ಷವನ್ನು ಕಂಪನಿ ಅನುಭವವೆಂದು ಎಣಿಸಲಿಲ್ಲ. ಹೊಸ ಪದವೀಧರರಿಗೆ ಕೊಡುವ ಸಂಬಳವನ್ನೇ ನಿಗದಿ ಮಾಡಿತು. ಆಕೆಗೆ ಕೆಲಸ ಹೇಳಿಕೊಡುವ ಹಿರಿಯ ಸಹಾಯಕಿ ವಯಸ್ಸಿನಲ್ಲಿ ಆಕೆಗಿಂತ ಮೂರು ವರ್ಷ ಚಿಕ್ಕವಳು. ಇದಕ್ಕೆ ಮೊದಲು ಅರ್ಜಿ ಹಾಕಿದ ಇನ್ನೆರಡು ಕಂಪನಿಗಳು ‘ಎರಡು ವರ್ಷದೊಳಗೆ ಪದವಿ ಪಡೆದವರು ಮಾತ್ರ’ ಎಂಬ ನಿಯಮ ಹೇಳಿ ಅರ್ಜಿಯನ್ನು ಓದದೆಯೇ ಬದಿಗಿಟ್ಟಿದ್ದವು. ಅಂಥ ಕಡೆ ಎಷ್ಟು ಚೆನ್ನಾಗಿ ವಿವರಿಸಿದರೂ ಫಲವಿಲ್ಲ. ಪ್ರಕಟಣೆಯನ್ನು ಓದುವಾಗಲೇ ಆ ನಿಯಮವಿದೆಯೇ ಎಂದು ನೋಡಿ, ಇದ್ದರೆ ಅಂಚೆಯ ಖರ್ಚನ್ನು ಉಳಿಸುವುದು ಲೇಸು. ವಿವರಣೆಯಿಂದ ಕಳೆದ ವರ್ಷಗಳು ಹಿಂದಿರುಗುವುದಿಲ್ಲ. ಅರ್ಜಿಯನ್ನು ಓದುವವನು ಅದನ್ನು ಕೆಳಗಿಡದೆ ಮುಂದಿನ ಪುಟಕ್ಕೆ ಹೋಗುವಂತೆ ಮಾಡುವುದಷ್ಟೇ ಅದರ ಕೆಲಸ.

ಇನ್ನೂ ಪರೀಕ್ಷೆಗೆ ಓದುತ್ತಿರುವ ಮಕ್ಕಳಿರುವ ಮನೆಗಳಿಗೆ ನನ್ನದೊಂದು ಬೇಡಿಕೆಯಿದೆ. ಇಂದೇ ಒಂದು ಕಡತ ತೆರೆಯಿರಿ. ಬರೆದ ಪ್ರತಿ ಪರೀಕ್ಷೆಯ ಹಾಲ್ ಟಿಕೆಟು, ಅಂಕ ಮತ್ತು ಶ್ರೇಣಿಯ ಪುಟ, ನಡುವೆ ಕಲಿತದ್ದರ ಪ್ರಮಾಣಪತ್ರ, ಸಣ್ಣದಾದರೂ ನಿಜವಾಗಿ ದುಡಿದ ಕೆಲಸದ ಚೀಟಿ, ಇವನ್ನು ದಿನಾಂಕದ ಕ್ರಮದಲ್ಲಿ ಇಡುತ್ತ ಹೋಗಿರಿ. ಪರೀಕ್ಷೆಯಲ್ಲಿ ಆಯ್ಕೆಯಾದರೆ ಆ ಕಡತವನ್ನು ಅಟ್ಟಕ್ಕೆ ಹಾಕಬಹುದು. ಆಗದಿದ್ದರೆ, ಖಾಸಗಿ ಕಂಪನಿಗೆ ಬರೆಯಬೇಕಾದ ಆ ಆರು ಸಾಲುಗಳು ಅದರೊಳಗೇ ಇರುತ್ತವೆ.